ದಿನ, ವಾರ, ವರ್ಷ: ನಿಮ್ಮ ಹಣಕ್ಕೆ ಯಾವ ಅವಧಿ ಹೊಂದುತ್ತದೆ?

ಷೇರು ಮಾರುಕಟ್ಟೆಗೆ ಕಾಲಿಡುವವರು ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ. ಡೇ ಟ್ರೇಡಿಂಗ್ ಮಾಡಲಾ, ಸ್ವಿಂಗ್ ಮಾಡಲಾ, ಇಲ್ಲ ಕೊಂಡು ಸುಮ್ನೆ ವರ್ಷಗಟ್ಟಲೆ ಇಟ್ಟುಬಿಡಲಾ? ಯಾವುದರಲ್ಲಿ ಜಾಸ್ತಿ ದುಡ್ಡು?

ಕೊನೆಯ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾನು ಬೇರೆ ಒಂದನ್ನು ಕೇಳುತ್ತೇನೆ. ಒಂದು ವರ್ಷದಲ್ಲಿ ನಿಮ್ಮ ಪೂರ್ತಿ ಬಂಡವಾಳ ಎಷ್ಟು ಸಲ ಕೊಳ್ಳುವುದು ಮತ್ತು ಮಾರುವುದು ಎಂಬ ಸುತ್ತು ಹಾಕುತ್ತದೆ? ಈ ಒಂದು ಸಂಖ್ಯೆ ಗೊತ್ತಾದರೆ ಖರ್ಚು ಎಷ್ಟು, ತೆರಿಗೆ ಯಾವಾಗ, ನಿದ್ದೆ ಎಷ್ಟು ಕೆಡುತ್ತದೆ ಎನ್ನುವುದು ಬಹುಪಾಲು ಗೊತ್ತಾದಂತೆಯೇ.

ಮೊದಲು ಹೆಸರುಗಳನ್ನು ಸರಿ ಮಾಡಿಕೊಳ್ಳೋಣ. ಡೇ ಟ್ರೇಡಿಂಗ್ ಅಥವಾ ಇಂಟ್ರಾಡೇ ಎಂದರೆ ಬೆಳಿಗ್ಗೆ ಮಾರುಕಟ್ಟೆ ತೆರೆದ ಮೇಲೆ ಕೊಂಡದ್ದನ್ನು ಸಂಜೆ ಮುಚ್ಚುವುದರೊಳಗೆ ಮಾರಿ ಮುಗಿಸುವುದು. ರಾತ್ರಿಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸ್ವಿಂಗ್ ಎಂದರೆ ಕೆಲವು ದಿನದಿಂದ ಕೆಲವು ವಾರದವರೆಗೆ ಹಿಡಿದು, ಬೆಲೆಯ ಒಂದು ಏರಿಳಿತದಲ್ಲಿ ಲಾಭ ತೆಗೆಯುವುದು. ದೀರ್ಘಾವಧಿ ಹೂಡಿಕೆ ಎಂದರೆ ವರ್ಷಗಳ ಲೆಕ್ಕ. ಅಲ್ಲಿ ನೀವು ಬೆಲೆಯ ಏರಿಳಿತಕ್ಕಲ್ಲ, ಕಂಪನಿಗಳ ಗಳಿಕೆ ಬೆಳೆಯುವುದಕ್ಕೆ ಕಾಯುತ್ತೀರಿ.

ಅಳೆಯುವುದಕ್ಕೆ ನಾನು ನಾಲ್ಕು ವಿಷಯ ಇಟ್ಟುಕೊಳ್ಳುತ್ತೇನೆ: ಪ್ರತಿ ಸುತ್ತಿನ ಖರ್ಚು, ತೆರಿಗೆ, ನಿಮ್ಮ ಸಮಯ, ಮನಸ್ಸಿನ ಮೇಲಿನ ಒತ್ತಡ. ಇವುಗಳಲ್ಲಿ ಮೊದಲ ಎರಡಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಏಕೆಂದರೆ ಜನ ತಪ್ಪು ಮಾಡುವುದು ಅಲ್ಲೇ. ಲೆಕ್ಕಕ್ಕೆ ಎಲ್ಲ ಕಡೆ ಒಂದು ಲಕ್ಷದ ಬಂಡವಾಳ ಹಿಡಿಯುತ್ತೇನೆ. ಯಾವ ದೇಶದ ಹಣವಾದರೂ ಇರಲಿ, ಶೇಕಡಾವಾರು ಅದೇ.

ಒಂದು ಸುತ್ತಿಗೆ ಏನು ಖರ್ಚು?

ಬ್ರೋಕರೇಜ್ ಸೊನ್ನೆ ಎಂದು ಬರೆದಿದ್ದರೂ ಖರ್ಚು ಸೊನ್ನೆ ಆಗುವುದಿಲ್ಲ. ಪರದೆಯ ಮೇಲೆ ಯಾವ ಷೇರನ್ನೇ ನೋಡಿ, ಎರಡು ಬೆಲೆ ಇರುತ್ತವೆ. ಕೊಳ್ಳುವವರು 499.90 ಕೊಡುತ್ತೇವೆ ಎನ್ನುತ್ತಾರೆ, ಮಾರುವವರು 500.10 ಬೇಕು ಎನ್ನುತ್ತಾರೆ. ನೀವು ತಕ್ಷಣ ಕೊಂಡರೆ 500.10, ಅದೇ ಕ್ಷಣ ಮಾರಿದರೆ 499.90. ಬೆಲೆ ಒಂದಿಷ್ಟೂ ಅಲುಗಾಡದೆ 20 ಪೈಸೆ ಹೋಯಿತು. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಇಲ್ಲಿ ಅದು 0.04%. ಇದು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಇದರ ಜೊತೆಗೆ ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಕೆಲವು ದೇಶಗಳಲ್ಲಿ ವಹಿವಾಟಿನ ಮೇಲಿನ ತೆರಿಗೆ ಸೇರುತ್ತವೆ. ಜಾಸ್ತಿ ವಹಿವಾಟಿರುವ ದೊಡ್ಡ ಕಂಪನಿಯ ಷೇರಿಗೆ ಇಂಟ್ರಾಡೇಯಲ್ಲಿ ಒಂದು ಸುತ್ತಿಗೆ ಒಟ್ಟು 0.1% ಎಂದು ಹಿಡಿಯೋಣ. ಕೆಲವು ದಿನ ಹಿಡಿದು ಮಾರುವಾಗ ಶುಲ್ಕಗಳು ಹಲವು ಕಡೆ ಹೆಚ್ಚು, ಅದಕ್ಕೆ 0.3% ಇರಲಿ. ನಿಮ್ಮ ದೇಶದ, ನಿಮ್ಮ ಬ್ರೋಕರ್‌ನ ಸರಿಯಾದ ಸಂಖ್ಯೆಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ. ಬ್ರಿಟನ್‌ನಲ್ಲಿ ಷೇರು ಕೊಳ್ಳುವಾಗ ಸಾಮಾನ್ಯವಾಗಿ 0.5% ತೆರಿಗೆಯೇ ಇದೆ. ಅಲ್ಲಿ ಪದೇಪದೇ ಕೊಳ್ಳುವವರ ಲೆಕ್ಕ ಇನ್ನೂ ಬಿಗಿ.

0.1% ಎಂದರೆ ಒಂದು ಲಕ್ಷಕ್ಕೆ ನೂರು. ಕೇಳುವುದಕ್ಕೆ ಏನೂ ಅಲ್ಲ. ಆದರೆ ದಿನಕ್ಕೆ ಒಂದೇ ಒಂದು ಸುತ್ತು, ವರ್ಷಕ್ಕೆ 240 ದಿನ ಹಾಕಿದರೆ 24,000. ಬಂಡವಾಳದ 24%. ಅಂದರೆ ಡೇ ಟ್ರೇಡರ್ ವರ್ಷಕ್ಕೆ 24% ಗಳಿಸಿದರೆ ಅವರು ಸೊನ್ನೆಯಲ್ಲಿ ಇದ್ದಾರೆ. ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳು ಹತ್ತಾರು ವರ್ಷಗಳ ಸರಾಸರಿಯಲ್ಲಿ ಕೊಟ್ಟಿರುವುದು ವರ್ಷಕ್ಕೆ ಸುಮಾರು 10%. ಅದರ ಎರಡು ಪಟ್ಟಿಗೂ ಜಾಸ್ತಿ ಇಲ್ಲಿ ಖರ್ಚಿಗೇ ಹೋಗುತ್ತದೆ.

ನನಗೆ ಇದು ಮನಸ್ಸಿಗೆ ನಾಟಿದ್ದು ಗೆಳೆಯನೊಬ್ಬನ ಕಾಂಟ್ರಾಕ್ಟ್ ನೋಟ್ ನೋಡಿದಾಗ. ದಿನದ ಕೊನೆಗೆ ಬ್ರೋಕರ್ ಕಳಿಸುವ ಲೆಕ್ಕದ ಚೀಟಿ ಅದು. ಅವನು ಅವತ್ತು ಖುಷಿಯಲ್ಲಿದ್ದ. 'ಇವತ್ತು 1,300 ಬಂತು ಕಣೋ' ಅಂದ. ಆ್ಯಪ್‌ನ ಪರದೆಯಲ್ಲಿ ಹಸಿರು ಬಣ್ಣದಲ್ಲಿ ಅಷ್ಟೇ ಕಾಣುತ್ತಿತ್ತು. ಚೀಟಿ ತೆರೆದು ಎಣಿಸಿದೆವು. ಹದಿನಾಲ್ಕು ಸುತ್ತು, ಪ್ರತಿ ಸುತ್ತೂ ಸುಮಾರು 80,000ದ್ದು. ಸುತ್ತಿಗೆ ಎಲ್ಲ ಸೇರಿ 80ರ ಹತ್ತಿರ. ಹದಿನಾಲ್ಕು ಎಂಬತ್ತಲಿ 1,120. ಕೈಗೆ ಉಳಿದದ್ದು 180. ಅವನ ಊಹೆ ಅವತ್ತು ಸರಿಯಾಗಿಯೇ ಇತ್ತು, ಷೇರು ಅವನು ಹೇಳಿದ ಕಡೆಗೇ ಹೋಗಿತ್ತು. ಆದರೂ ಆರು ಗಂಟೆ ಕೂತು ಗಳಿಸಿದ್ದರಲ್ಲಿ ಬಹುಪಾಲು ದಾರಿಯಲ್ಲೇ ಸೋರಿತ್ತು. ಅವತ್ತಿನಿಂದ ಅವನು ಆ್ಯಪ್‌ನ ಹಸಿರು ಸಂಖ್ಯೆ ನೋಡುವುದನ್ನು ಬಿಟ್ಟು ಚೀಟಿಯ ಕೊನೆಯ ಸಾಲು ನೋಡತೊಡಗಿದ.

ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ದಿನದೊಳಗೆ ಷೇರು ಓಡುವ ದೂರ ಚಿಕ್ಕದು. ನೀವು 0.5% ಲಾಭಕ್ಕೆ ಗುರಿ ಇಟ್ಟು, 0.5% ನಷ್ಟವಾದರೆ ಹೊರಬರುತ್ತೀರಿ ಎಂದುಕೊಳ್ಳಿ. ಖರ್ಚು ಕಳೆದರೆ ಗೆದ್ದಾಗ ಸಿಗುವುದು 0.4%, ಸೋತಾಗ ಹೋಗುವುದು 0.6%. ನೂರರಲ್ಲಿ 60 ಸಲ ಗೆದ್ದರೆ ಮಾತ್ರ ಅಸಲು. ಸ್ವಿಂಗ್‌ನಲ್ಲಿ 5% ಗುರಿ, 5% ನಷ್ಟದ ಮಿತಿ, 0.3% ಖರ್ಚು ಎಂದಿಟ್ಟರೆ ಗೆಲುವು 4.7%, ಸೋಲು 5.3%. ಇಲ್ಲಿ 53 ಸಲ ಗೆದ್ದರೆ ಸಾಕು. ಸುತ್ತಿಗೆ ಖರ್ಚು ಮೂರು ಪಟ್ಟು ಇದ್ದರೂ ಸ್ವಿಂಗ್ ಹಗುರ, ಏಕೆಂದರೆ ಓಡುವ ದೂರ ಹತ್ತು ಪಟ್ಟು. 53ಕ್ಕೂ 60ಕ್ಕೂ ಇರುವ ಅಂತರ ಕಾಗದದ ಮೇಲೆ ಚಿಕ್ಕದು, ಮಾರುಕಟ್ಟೆಯಲ್ಲಿ ತುಂಬಾ ದೊಡ್ಡದು. ನಿಮ್ಮ ಎದುರಿಗೆ ಕೊಳ್ಳುವವರು, ಮಾರುವವರಲ್ಲಿ ವೇಗದ ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಸಂಸ್ಥೆಗಳೂ ಇರುತ್ತವೆ. ಅವರ ನಡುವೆ ನೂರಕ್ಕೆ 60 ಸಲ ಸರಿಯಾಗಿ ಊಹಿಸುವುದು ವರ್ಷಗಟ್ಟಲೆ ನಡೆಯುವ ಮಾತಲ್ಲ.

ಇನ್ನು ಲಿವರೇಜ್. ಇಂಟ್ರಾಡೇಗೆ ಬ್ರೋಕರ್ ನಿಮ್ಮ ಹಣದ ಐದು ಪಟ್ಟು ವಹಿವಾಟಿಗೆ ಬಿಟ್ಟರು ಎಂದುಕೊಳ್ಳಿ. ಲಾಭ ಐದು ಪಟ್ಟು, ನಷ್ಟ ಐದು ಪಟ್ಟು ಎನ್ನುವುದು ಎಲ್ಲರಿಗೂ ಗೊತ್ತು. ಖರ್ಚೂ ಐದು ಪಟ್ಟು ಎನ್ನುವುದನ್ನು ಮರೆಯುತ್ತೇವೆ. 0.1% ಈಗ ಐದು ಲಕ್ಷದ ಮೇಲೆ ಬೀಳುತ್ತದೆ, ದಿನಕ್ಕೆ 500. ವರ್ಷಕ್ಕೆ 1,20,000. ನಿಮ್ಮ ಒಂದು ಲಕ್ಷಕ್ಕಿಂತ ಜಾಸ್ತಿ!

ಸ್ವಿಂಗ್‌ನ ವರ್ಷದ ಖರ್ಚು ನೀವು ಎಷ್ಟು ದಿನ ಹಿಡಿಯುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಎರಡು ವಾರಕ್ಕೊಂದು ಸುತ್ತು, ವರ್ಷಕ್ಕೆ 25 ಸುತ್ತು ಎಂದರೆ 7.5%. ಆರು ವಾರ ಹಿಡಿದರೆ ವರ್ಷಕ್ಕೆ ಎಂಟು ಸುತ್ತು, ಖರ್ಚು 2.4%. ಸ್ವಿಂಗ್ ಮಾಡುವವರು ಹೊಸ ತಂತ್ರ ಕಲಿಯುವ ಮೊದಲು ಹಿಡಿಯುವ ದಿನಗಳನ್ನು ಉದ್ದ ಮಾಡಿ ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೀರ್ಘಾವಧಿಯಲ್ಲಿ ಕೊಳ್ಳುವ ಖರ್ಚು ಒಂದು ಸಲ, ಮಾರುವ ಖರ್ಚು ಒಂದು ಸಲ. ಲೆಕ್ಕಕ್ಕೇ ಬರುವುದಿಲ್ಲ. ಆದರೆ ಅಲ್ಲಿ ಇನ್ನೊಂದು ಸೋರಿಕೆ ಇದೆ. ಫಂಡ್ ಮೂಲಕ ಹಾಕಿದರೆ ಪ್ರತಿ ವರ್ಷ ಪೂರ್ತಿ ಮೊತ್ತದ ಮೇಲೆ ಫಂಡ್‌ನ ಶುಲ್ಕ ಕಡಿತವಾಗುತ್ತದೆ. ಒಂದು ಲಕ್ಷ ವರ್ಷಕ್ಕೆ 12% ಬೆಳೆದರೆ 20 ವರ್ಷಕ್ಕೆ ಸುಮಾರು 9,64,000. ಅದರಲ್ಲಿ ವರ್ಷಕ್ಕೆ 1.5% ಶುಲ್ಕ ಹೋಗಿ 10.5% ಬೆಳೆದರೆ ಸುಮಾರು 7,36,000. ವ್ಯತ್ಯಾಸ 2,28,000, ಅಂದರೆ ಮೊದಲು ಹಾಕಿದ ಹಣದ ಎರಡು ಪಟ್ಟಿಗೂ ಮೇಲೆ. ಹಾಗಾಗಿ ಉದ್ದ ಅವಧಿಗೆ ಹೋಗುವವರು ಹೋಲಿಸಬೇಕಾದದ್ದು ಫಂಡ್‌ನ ಹೋದ ವರ್ಷದ ಲಾಭವನ್ನಲ್ಲ, ಅದರ ವಾರ್ಷಿಕ ಶುಲ್ಕವನ್ನು. ಒಂದು ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡು ಇಟ್ಟುಕೊಳ್ಳುವ, ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್‌ಗಳನ್ನು ಜನ ಹೊಗಳುವುದು ಇದಕ್ಕೇ.

ತೆರಿಗೆ: ಎಷ್ಟು ಎನ್ನುವುದಷ್ಟೇ ಅಲ್ಲ, ಯಾವಾಗ ಎನ್ನುವುದೂ

ತೆರಿಗೆ ನಿಯಮ ದೇಶದಿಂದ ದೇಶಕ್ಕೆ ಬೇರೆ. ಆದರೆ ಹಲವು ಕಡೆ ಒಂದು ಸಾಮಾನ್ಯ ಗೆರೆ ಇದೆ: ಒಂದು ವರ್ಷ. ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿದ ಷೇರಿನ ಲಾಭಕ್ಕೆ ಕಡಿಮೆ ದರ, ಅದಕ್ಕಿಂತ ಕಡಿಮೆ ಹಿಡಿದರೆ ಸಂಬಳದ ಹಾಗೇ ತೆರಿಗೆ. ಭಾರತದಲ್ಲಿ 2024ರ ಜುಲೈ 23ರಿಂದ ಬಂದ ದರಗಳ ಪ್ರಕಾರ, ಪಟ್ಟಿಯಲ್ಲಿರುವ ಕಂಪನಿಯ ಷೇರನ್ನು 12 ತಿಂಗಳಿಗಿಂತ ಜಾಸ್ತಿ ಹಿಡಿದು ಮಾರಿದರೆ, ವರ್ಷಕ್ಕೆ 1.25 ಲಕ್ಷ ಮೀರಿದ ಲಾಭಕ್ಕೆ 12.5%. ಅದಕ್ಕೆ ಮೊದಲು ಮಾರಿದರೆ 20%. ಇಂಟ್ರಾಡೇ ಲಾಭ ಈ ಎರಡಕ್ಕೂ ಸೇರುವುದಿಲ್ಲ. ಅದನ್ನು ಸಟ್ಟಾ ವ್ಯಾಪಾರದ ಆದಾಯ ಎಂದು ನೋಡುತ್ತಾರೆ, ನಿಮ್ಮ ಉಳಿದ ಆದಾಯದ ಜೊತೆ ಸೇರಿಸಿ ನಿಮ್ಮ ದರದಲ್ಲೇ ತೆರಿಗೆ ಹಾಕುತ್ತಾರೆ. ಸಿಂಗಪುರದಲ್ಲಿ ಷೇರು ಲಾಭಕ್ಕೆ ಸಾಮಾನ್ಯವಾಗಿ ತೆರಿಗೆಯೇ ಇಲ್ಲ, ಆದರೆ ಅದನ್ನೇ ವ್ಯಾಪಾರವಾಗಿ ಮಾಡುತ್ತಿದ್ದೀರಿ ಎಂದು ಕಂಡರೆ ಬೀಳಬಹುದು.

ನಷ್ಟದ ನಿಯಮವನ್ನು ಯಾರೂ ಮೊದಲೇ ಓದುವುದಿಲ್ಲ. ಭಾರತದಲ್ಲಿ ಇಂಟ್ರಾಡೇ ನಷ್ಟವನ್ನು ಅಂಥದ್ದೇ ಸಟ್ಟಾ ಲಾಭದ ಎದುರಿಗೆ ಮಾತ್ರ ಕಳೆಯಬಹುದು, ಮುಂದಕ್ಕೆ ಒಯ್ಯಲು ನಾಲ್ಕು ವರ್ಷ ಅವಕಾಶ. ದೀರ್ಘಾವಧಿ ಷೇರಿನಲ್ಲಿ ಬಂದ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ. ಅಮೆರಿಕದಲ್ಲಿ ನಷ್ಟಕ್ಕೆ ಮಾರಿದ ಷೇರನ್ನೇ 30 ದಿನದ ಹಿಂದೆ ಅಥವಾ ಮುಂದೆ ಕೊಂಡಿದ್ದರೆ ಆ ನಷ್ಟವನ್ನು ಆಗಲೇ ತೋರಿಸಲು ಬಿಡುವುದಿಲ್ಲ. ಒಂದೇ ಷೇರಿಗೆ ಒಳಗೆ ಹೊರಗೆ ಓಡಾಡುವ ಸ್ವಿಂಗ್ ಟ್ರೇಡರ್‌ಗೆ ಇದು ನೇರವಾಗಿ ತಟ್ಟುತ್ತದೆ.

ದರದ ವ್ಯತ್ಯಾಸ ಬಿಡಿ, ಎಲ್ಲರಿಗೂ 20% ಎಂದೇ ಇಟ್ಟುಕೊಳ್ಳಿ. ಆಗಲೂ ಅವಧಿ ದುಡ್ಡು ಉಳಿಸುತ್ತದೆ. ಇಬ್ಬರು ತಲಾ ಒಂದು ಲಕ್ಷ ಹಾಕಿ, ಇಬ್ಬರೂ ವರ್ಷಕ್ಕೆ 12% ಗಳಿಸುತ್ತಾರೆ. ಮೊದಲನೆಯವರು ಪ್ರತಿ ವರ್ಷ ಮಾರಿ ತೆರಿಗೆ ಕಟ್ಟುತ್ತಾರೆ, ಅವರ ಕೈಗೆ ಉಳಿಯುವುದು ವರ್ಷಕ್ಕೆ 9.6%. 20 ವರ್ಷಕ್ಕೆ ಅದು ಸುಮಾರು 6,25,000. ಎರಡನೆಯವರು ಮುಟ್ಟುವುದೇ ಇಲ್ಲ. 20 ವರ್ಷಕ್ಕೆ 9,64,000 ಆಗುತ್ತದೆ. ಕೊನೆಯಲ್ಲಿ ಒಂದೇ ಸಲ ಲಾಭದ ಮೇಲೆ 20% ಕಟ್ಟಿದರೆ ಉಳಿಯುವುದು ಸುಮಾರು 7,91,000. ಲಾಭದ ದರ ಒಂದೇ, ತೆರಿಗೆ ದರ ಒಂದೇ, ಅಂತರ 1,66,000. ಕಟ್ಟಬೇಕಾದ ತೆರಿಗೆ ಅಷ್ಟು ವರ್ಷ ಅವರ ಹತ್ತಿರವೇ ಇದ್ದು ಅದೂ ಬೆಳೆದಿದ್ದರಿಂದ ಹೀಗಾಯಿತು.

ಈಗ ಖರ್ಚನ್ನೂ ತೆರಿಗೆಯನ್ನೂ ಒಂದೇ ಕಡೆ ತರೋಣ. ಆ ಎರಡನೆಯವರ 7,91,000ವನ್ನು ಮುಟ್ಟಬೇಕಾದರೆ, ವರ್ಷ ವರ್ಷ ತೆರಿಗೆ ಕಟ್ಟುವವರಿಗೆ ತೆರಿಗೆ ಕಳೆದ ಮೇಲೆ ವರ್ಷಕ್ಕೆ ಸುಮಾರು 10.9% ಉಳಿಯಬೇಕು. ತೆರಿಗೆಗೆ ಮೊದಲು ಅದು 13.6%. ಎರಡು ವಾರಕ್ಕೊಂದು ಸುತ್ತು ಹಾಕುವ ಸ್ವಿಂಗ್ ಟ್ರೇಡರ್ ಇದಕ್ಕೆ 7.5% ಖರ್ಚು ಸೇರಿಸಿದರೆ 21% ಆಯಿತು. ದಿನಕ್ಕೊಂದು ಸುತ್ತು ಹಾಕುವ ಡೇ ಟ್ರೇಡರ್ 24% ಸೇರಿಸಿದರೆ ಸುಮಾರು 38%. ಅಂದರೆ ಸುಮ್ನೆ ಕೂತವರ 12%ಕ್ಕೆ ಸಮ ಬರಲು ಒಬ್ಬರು 21% ತೆಗೆಯಬೇಕು, ಇನ್ನೊಬ್ಬರು 38% ತೆಗೆಯಬೇಕು. ಅದೂ ಒಂದು ವರ್ಷ ಅಲ್ಲ, 20 ವರ್ಷ. 12% ಬರುತ್ತದೆ ಎಂದು ನಾನು ಭರವಸೆ ಕೊಡುತ್ತಿಲ್ಲ, ಅದು ಬರೀ ಉದಾಹರಣೆಯ ಸಂಖ್ಯೆ. ಆದರೆ 12ರ ಜಾಗದಲ್ಲಿ 8 ಹಾಕಿದರೂ ಅಂತರದ ಆಕಾರ ಹೀಗೇ ಇರುತ್ತದೆ.

ನಿಜ ಜೀವನದಲ್ಲಿ ಏನಾಗಿದೆ? ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು 1991ರಿಂದ 1996ರವರೆಗೆ 66,465 ಕುಟುಂಬಗಳ ಖಾತೆ ನೋಡಿದರು. ಆ ಕಾಲದಲ್ಲಿ ಮಾರುಕಟ್ಟೆ ವರ್ಷಕ್ಕೆ 17.9% ಕೊಟ್ಟಿತ್ತು. ಅತಿ ಹೆಚ್ಚು ಕೊಂಡು ಮಾರಿದ ಗುಂಪಿಗೆ ಉಳಿದದ್ದು 11.4%. ಬ್ರೆಜಿಲ್‌ನಲ್ಲಿ ಫ್ಯೂಚರ್ಸ್‌ನಲ್ಲಿ, ಅಂದರೆ ಮುಂದಿನ ದಿನಾಂಕದ ವಹಿವಾಟಿಗೆ ಈಗಲೇ ಬೆಲೆ ನಿಗದಿ ಮಾಡುವ ಒಪ್ಪಂದಗಳಲ್ಲಿ, ಡೇ ಟ್ರೇಡಿಂಗ್ ಶುರುಮಾಡಿ 300 ದಿನಕ್ಕಿಂತ ಜಾಸ್ತಿ ಬಿಡದೆ ಮಾಡಿದವರನ್ನು ನೋಡಿದ ಅಧ್ಯಯನದಲ್ಲಿ 97% ಜನ ನಷ್ಟ ಕಂಡಿದ್ದರು. ಭಾರತದಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರಲ್ಲಿ ಹೇಳಿದ ಪ್ರಕಾರ, 2022-23ರಲ್ಲಿ ಷೇರಿನಲ್ಲಿ ಇಂಟ್ರಾಡೇ ಮಾಡಿದ ಹತ್ತು ಜನರಲ್ಲಿ ಏಳು ಮಂದಿಗೆ ನಷ್ಟ. ಇವರೆಲ್ಲ ದಡ್ಡರಾಗಿರಲಿಲ್ಲ. ಮೇಲಿನ ಲೆಕ್ಕ ಅವರ ಬೆನ್ನ ಮೇಲಿತ್ತು.

ಒತ್ತಡ ಮೂರು ಬಗೆ

ದೀರ್ಘಾವಧಿಯಲ್ಲಿ ಒತ್ತಡವಿಲ್ಲ ಎನ್ನುವುದು ತಪ್ಪು. ಒತ್ತಡ ಮೂರರಲ್ಲೂ ಇದೆ, ಬರುವ ರೀತಿ ಬೇರೆ.

ಡೇ ಟ್ರೇಡಿಂಗ್‌ನ ಒತ್ತಡ ನಿಮಿಷದ್ದು. ಫೋನ್ ಬಂದರೆ ಎತ್ತಲಾಗದು, ಎದ್ದು ಹೋಗಲಾಗದು. ಇದಕ್ಕೆ ಪ್ರತಿಯಾಗಿ ಸಿಗುವ ಒಂದು ಒಳ್ಳೆಯ ವಿಷಯವೂ ಇದೆ: ಸಂಜೆ ಎಲ್ಲ ಮುಗಿದಿರುತ್ತದೆ, ರಾತ್ರಿ ಯಾವ ದೇಶದಲ್ಲಿ ಏನಾದರೂ ನಿಮಗೆ ತಟ್ಟುವುದಿಲ್ಲ. ಆದರೆ ಸಮಯದ ಬೆಲೆ ಹಾಕಿ. ದಿನಕ್ಕೆ ಆರು ಗಂಟೆ, 240 ದಿನ, 1,440 ಗಂಟೆ. ಇಂಡೆಕ್ಸ್ ಫಂಡ್ ಕೊಡುವುದಕ್ಕಿಂತ ವರ್ಷಕ್ಕೆ 20,000 ಜಾಸ್ತಿ ಗಳಿಸಿದಿರಿ ಎಂದರೂ ಗಂಟೆಗೆ 14 ಬಿತ್ತು. ಚಿಕ್ಕ ಬಂಡವಾಳದವರಿಗೆ ಈ ದಾರಿ ಒಗ್ಗದಿರುವುದಕ್ಕೆ ಇದೂ ಕಾರಣ.

ಸ್ವಿಂಗ್‌ನ ಒತ್ತಡ ರಾತ್ರಿಯದು. ಇಲ್ಲಿ ಒಂದು ವಹಿವಾಟನ್ನು ಹತ್ತಿರದಿಂದ ನೋಡೋಣ. ಒಂದು ಲಕ್ಷದಲ್ಲಿ ಒಂದು ಸಲಕ್ಕೆ 1%, ಅಂದರೆ 1,000ಕ್ಕಿಂತ ಜಾಸ್ತಿ ಕಳೆದುಕೊಳ್ಳಬಾರದು ಎಂದು ನಿಯಮ ಹಾಕಿಕೊಂಡಿದ್ದೀರಿ. ಷೇರು 500ರಲ್ಲಿದೆ, 485ಕ್ಕೆ ಸ್ಟಾಪ್‌ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ತಾನಾಗಿ ಮಾರುವ ಆರ್ಡರ್. ಒಂದು ಷೇರಿಗೆ 15 ಅಪಾಯ, 1,000ವನ್ನು 15ರಿಂದ ಭಾಗಿಸಿದರೆ 66 ಷೇರು, 33,000 ಹಾಕಬಹುದು. ಇಲ್ಲಿಯವರೆಗೆ ಎಲ್ಲ ಸರಿ. ರಾತ್ರಿ ಕಂಪನಿಯ ಫಲಿತಾಂಶ ಕೆಟ್ಟದಾಗಿ ಬಂತು. ಬೆಳಿಗ್ಗೆ ಷೇರು ತೆರೆದದ್ದೇ 440ಕ್ಕೆ. 485ರಲ್ಲಿ ಯಾರೂ ಕೊಳ್ಳುವವರಿರಲಿಲ್ಲ, ಹಾಗಾಗಿ ನಿಮ್ಮ ಸ್ಟಾಪ್‌ಲಾಸ್ ಕೆಲಸ ಮಾಡಿದ್ದು 440ರಲ್ಲಿ. ನಷ್ಟ 60 ಗುಣಿಸು 66, ಅಂದರೆ 3,960. ಹಾಕಿಕೊಂಡ ಮಿತಿಯ ನಾಲ್ಕು ಪಟ್ಟು. ಇದಕ್ಕೆ ಗ್ಯಾಪ್ ಎನ್ನುತ್ತಾರೆ. ಇದನ್ನು ಪೂರ್ತಿ ತಪ್ಪಿಸಲಾಗದು. ಫಲಿತಾಂಶದ ದಿನಾಂಕ ಮೊದಲೇ ನೋಡಿ ಅದಕ್ಕೆ ಮುಂಚೆ ಹೊರಬರಬಹುದು. ಒಂದೇ ಷೇರಿಗೆ ಬಂಡವಾಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಾಕದೆ ಇರಬಹುದು. ಇದೇ ವಹಿವಾಟನ್ನು ಐದು ಪಟ್ಟು ಸಾಲದಲ್ಲಿ ಮಾಡಿದ್ದರೆ ಒಂದು ರಾತ್ರಿಗೆ ಬಂಡವಾಳದ ಐದನೇ ಒಂದು ಭಾಗ ಹೋಗುತ್ತಿತ್ತು.

ದೀರ್ಘಾವಧಿಯ ಒತ್ತಡ ಅಪರೂಪ, ಆದರೆ ಬಂದಾಗ ಭಾರಿ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಸುಮಾರು 57% ಬಿತ್ತು. ಹಳೆಯ ಎತ್ತರ ಮತ್ತೆ ಮುಟ್ಟಿದ್ದು 2013ರಲ್ಲಿ. ಜಪಾನಿನ ನಿಕ್ಕೇ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. 34 ವರ್ಷ! ಕಾದರೆ ಸಾಕು, ಬಂದೇ ಬರುತ್ತದೆ ಎನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಒಂದೇ ದೇಶಕ್ಕೆ, ಒಂದೇ ಎತ್ತರದ ಬೆಲೆಯಲ್ಲಿ, ಎಲ್ಲ ಹಣವನ್ನೂ ಒಂದೇ ಸಲ ಹಾಕುವುದು ದೀರ್ಘಾವಧಿಯಲ್ಲೂ ಅಪಾಯ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಹಾಕುವುದು, ಬೇರೆ ಬೇರೆ ದೇಶದ ಷೇರು ಇಟ್ಟುಕೊಳ್ಳುವುದು ಈ ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಮುಂದಿನ ಐದು ವರ್ಷದೊಳಗೆ ಬೇಕಾಗುವ ಹಣವನ್ನಂತೂ ಷೇರಿಗೆ ಹಾಕಬಾರದು.

ಎಷ್ಟು ಸಲ ಪರದೆ ನೋಡುತ್ತೀರಿ ಎನ್ನುವುದೂ ಒತ್ತಡವನ್ನು ತೀರ್ಮಾನಿಸುತ್ತದೆ. ವರ್ಷಕ್ಕೆ ಸರಾಸರಿ 10% ಬೆಳೆದು, ಅದರ ಸುತ್ತ 16%ರಷ್ಟು ಏರಿಳಿಯುವ ಒಂದು ಮಾರುಕಟ್ಟೆಯನ್ನು ಸರಳ ಗಣಿತದಲ್ಲಿ ಹಾಕಿ ನೋಡಿದೆ. ದಿನಕ್ಕೊಮ್ಮೆ ನೋಡಿದರೆ ಹಸಿರು ಕಾಣುವುದು ನೂರರಲ್ಲಿ ಸುಮಾರು 52 ಸಲ. ತಿಂಗಳಿಗೊಮ್ಮೆ ನೋಡಿದರೆ 57. ವರ್ಷಕ್ಕೊಮ್ಮೆ ನೋಡಿದರೆ 73. ಹಣ ಅದೇ, ಮಾರುಕಟ್ಟೆ ಅದೇ. ದಿನಾ ನೋಡುವವರಿಗೆ ವಾರದಲ್ಲಿ ಎರಡು ಮೂರು ದಿನ ಬೇಜಾರು ಗ್ಯಾರಂಟಿ.

ಹಾಗಾದರೆ ಯಾರಿಗೆ ಯಾವುದು?

ಕೆಲಸಕ್ಕೆ ಹೋಗುವವರು, ಮಾರುಕಟ್ಟೆ ಸಮಯದಲ್ಲಿ ಬಿಡುವಿಲ್ಲದವರು ಡೇ ಟ್ರೇಡಿಂಗ್ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಮೀಟಿಂಗ್ ಮಧ್ಯೆ ಫೋನಿನಲ್ಲಿ ಮಾಡುವ ಇಂಟ್ರಾಡೇಗೆ ಎರಡೂ ಕಡೆಯ ಕೆಟ್ಟದ್ದು ಸಿಗುತ್ತದೆ. ಅಂಥವರಿಗೆ ನಿಜಕ್ಕೂ ಚಾರ್ಟ್ ಓದುವುದರಲ್ಲಿ ಆಸಕ್ತಿ ಇದ್ದರೆ ಸ್ವಿಂಗ್ ಹೊಂದುತ್ತದೆ. ಸಂಜೆ ಅರ್ಧ ಗಂಟೆ ಕೂತು, ಮರುದಿನದ ಆರ್ಡರ್ ಹಾಕಿ ಮಲಗಬಹುದು. ಆಸಕ್ತಿ ಇಲ್ಲದೆ ಬರೀ ಹಣ ಬೆಳೆಯಬೇಕು ಎನ್ನುವವರು ಸ್ವಿಂಗ್‌ಗೂ ಹೋಗಬೇಕಿಲ್ಲ. ಕಡಿಮೆ ಶುಲ್ಕದ ಇಂಡೆಕ್ಸ್ ಫಂಡ್ ಸಾಕು.

ಡೇ ಟ್ರೇಡಿಂಗ್ ಅನ್ನೇ ಉದ್ಯೋಗ ಮಾಡಿಕೊಳ್ಳಬೇಕು ಎಂದು ಹೊರಟವರಿಗೆ ನಾನು ಹೇಳುವುದು ಇಷ್ಟೇ: ಮನೆ ಖರ್ಚಿಗೆ ಬೇರೆ ಹಣ ಇರಲಿ. ತಿಂಗಳ ಬಾಡಿಗೆಗೆ ಈ ಲಾಭವೇ ಬೇಕು ಎಂದಾದ ದಿನ ನೀವು ಮಾಡಬಾರದ ವಹಿವಾಟು ಮಾಡುತ್ತೀರಿ. ಸಾಲದ ಹಣ ಬೇಡ. ಚಿಕ್ಕ ಮೊತ್ತದಲ್ಲಿ ನೂರು ವಹಿವಾಟು ಮಾಡಿ, ಪ್ರತಿಯೊಂದನ್ನೂ ಬರೆದಿಡಿ. ಕೊನೆಗೆ ಎಲ್ಲ ಖರ್ಚು ಕಳೆದ ಸಂಖ್ಯೆಯನ್ನು ಅದೇ ದಿನಗಳಲ್ಲಿ ಇಂಡೆಕ್ಸ್ ಫಂಡ್ ಕೊಟ್ಟದ್ದರ ಪಕ್ಕದಲ್ಲಿಡಿ. ಕಡಿಮೆ ಇದ್ದರೆ ಬಂಡವಾಳ ಏರಿಸಬೇಡಿ. ಜಾಸ್ತಿ ಇದ್ದರೂ ಒಂದು ಕೆಲಸ ಮಾಡಿ, ಅತಿ ದೊಡ್ಡ ಎರಡು ಗೆಲುವುಗಳನ್ನು ತೆಗೆದು ಮತ್ತೆ ಕೂಡಿ. ಆಗ ನಷ್ಟಕ್ಕೆ ತಿರುಗಿದರೆ ಅದು ಇನ್ನೂ ಕೌಶಲ ಎಂದು ಹೇಳಲಾಗದು, ಇನ್ನೊಂದು ನೂರು ಬೇಕು.

ಎರಡನ್ನೂ ಮಾಡುತ್ತೇನೆ ಎನ್ನುವುದೂ ಸರಿಯೇ. ಹತ್ತರಲ್ಲಿ ಒಂಬತ್ತು ಭಾಗ ದೀರ್ಘಾವಧಿಗೆ, ಒಂದು ಭಾಗ ಸ್ವಿಂಗ್‌ಗೆ ಇಟ್ಟವರನ್ನು ನೋಡಿದ್ದೇನೆ, ಅವರು ನೆಮ್ಮದಿಯಾಗಿದ್ದಾರೆ. ಆದರೆ ಇಲ್ಲಿ ಒಂದು ಕೆಟ್ಟ ಅಭ್ಯಾಸ ನುಸುಳುತ್ತದೆ. ಬೆಳಿಗ್ಗೆ ಇಂಟ್ರಾಡೇಗೆಂದು ಕೊಂಡ ಷೇರು ಬೀಳುತ್ತದೆ. ನಷ್ಟಕ್ಕೆ ಮಾರಲು ಮನಸ್ಸಾಗುವುದಿಲ್ಲ. 'ಪರವಾಗಿಲ್ಲ, ಡೆಲಿವರಿ ತಗೊಂಡು ಎರಡು ದಿನ ನೋಡೋಣ' ಎಂದು ಅದು ಸ್ವಿಂಗ್ ಆಗುತ್ತದೆ. ವಾರ ಕಳೆದು ಇನ್ನೂ ಬಿದ್ದರೆ 'ಕಂಪನಿ ಒಳ್ಳೆಯದೇ ಅಲ್ವಾ, ಇಟ್ಟುಕೊಳ್ಳೋಣ' ಎಂದು ದೀರ್ಘಾವಧಿ ಆಗುತ್ತದೆ. ಗೆದ್ದ ಷೇರುಗಳೆಲ್ಲ ಅವತ್ತೇ ಮಾರಿ ಹೋಗಿರುತ್ತವೆ, ಸೋತವು ಮಾತ್ರ ಖಾತೆಯಲ್ಲಿ ಕೂರುತ್ತವೆ. ನಿಮಗೂ ಹೀಗಾಗಿದೆಯಾ ಎಂದು ತಿಳಿಯುವುದು ಸುಲಭ. ಖಾತೆಯಲ್ಲಿ ಈಗ ಇರುವ ಪ್ರತಿ ಷೇರನ್ನು ಕೊಂಡ ದಿನ ಯಾವ ಕಾರಣಕ್ಕೆ ಕೊಂಡಿರಿ ಎಂದು ಒಂದು ಸಾಲು ಬರೆಯಿರಿ. ನೆನಪಾಗದ ಅಥವಾ ಕಾರಣ ನಡುವೆ ಬದಲಾದ ಷೇರುಗಳ ಪಕ್ಕದಲ್ಲಿ ಕೆಂಪು ಸಂಖ್ಯೆಗಳೇ ಜಾಸ್ತಿ ಇದ್ದರೆ, ನಿಮ್ಮ ಅವಧಿಯನ್ನು ನೀವು ಆರಿಸುತ್ತಿಲ್ಲ, ನಷ್ಟ ಆರಿಸುತ್ತಿದೆ.

ಇದಕ್ಕೆ ಮದ್ದು ಎರಡು ಬೇರೆ ಖಾತೆ. ಇದರಲ್ಲಿ ತೆರಿಗೆಯ ಲಾಭವೂ ಇದೆ. ಒಂದೇ ಖಾತೆಯಲ್ಲಿ ಒಂದೇ ಕಂಪನಿಯ ಹಳೆಯ ಮತ್ತು ಹೊಸ ಷೇರುಗಳಿದ್ದರೆ, ಮಾರಿದಾಗ ಮೊದಲು ಕೊಂಡದ್ದೇ ಮೊದಲು ಹೋಯಿತು ಎಂದು ಲೆಕ್ಕ ಹಿಡಿಯುವುದು ಹಲವು ಕಡೆ ರೂಢಿ. ಮೂರು ವರ್ಷದ ಹಿಂದೆ 200ಕ್ಕೆ ಕೊಂಡ ನೂರು ಷೇರು ಇವೆ ಎಂದುಕೊಳ್ಳಿ. ಹೋದ ವಾರ 500ಕ್ಕೆ ಸ್ವಿಂಗ್‌ಗೆಂದು ಇನ್ನೂ ನೂರು ಕೊಂಡು, ಇವತ್ತು 520ಕ್ಕೆ ನೂರು ಮಾರಿದಿರಿ. ನಿಮ್ಮ ಮನಸ್ಸಿನಲ್ಲಿ ಲಾಭ 2,000. ತೆರಿಗೆ ಲೆಕ್ಕದಲ್ಲಿ ಮಾತ್ರ ಹಳೆಯ ಷೇರು ಹೋಗಿ ಲಾಭ 32,000 ಆಗಿರುತ್ತದೆ, ವರ್ಷಗಟ್ಟಲೆ ಮುಂದೂಡಿದ್ದ ತೆರಿಗೆ ಈ ವರ್ಷವೇ ಎದುರಿಗೆ ಬರುತ್ತದೆ. ಬೇರೆ ಖಾತೆಯಲ್ಲಿ ಇಟ್ಟಿದ್ದರೆ ಹಳೆಯ ನೂರು ಷೇರು ಮುಟ್ಟದೆ ಹಾಗೇ ಉಳಿಯುತ್ತಿತ್ತು. ಕೊಳ್ಳುವ ಮೊದಲೇ ನಿಮ್ಮ ದೇಶದಲ್ಲಿ ಈ ನಿಯಮ ಪ್ರತಿ ಖಾತೆಗೆ ಬೇರೆಯಾಗಿ ಅನ್ವಯಿಸುತ್ತದೆಯೇ ಎಂದು ತೆರಿಗೆ ನೋಡಿಕೊಳ್ಳುವವರನ್ನು ಒಮ್ಮೆ ಕೇಳಿಕೊಳ್ಳಿ. ಭಾರತದಲ್ಲಿ ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳಿಗೆ ಅದು ಖಾತೆ ಖಾತೆಗೆ ಬೇರೆಯಾಗಿಯೇ ನಡೆಯುತ್ತದೆ.